ಕಾಲ್ ದುಬಾರಿ ಎಂದು ಕಂಡ ದಿನ: ಪುಟ್-ಕಾಲ್ ಸಮತೆಯನ್ನು ನಾನು ಕೈಯಾರೆ ಪರೀಕ್ಷಿಸಿದ ಬಗೆ

ಷೇರನ್ನು ಮೊದಲೇ ಗೊತ್ತುಮಾಡಿದ ಸ್ಟ್ರೈಕ್ ಬೆಲೆಗೆ ಕೊಳ್ಳುವ ಹಕ್ಕು ಕಾಲ್ ಆಪ್ಷನ್, ಹಾಗೆ ಮಾರುವ ಹಕ್ಕು ಪುಟ್ ಆಪ್ಷನ್. ಒಂದೇ ಸ್ಟ್ರೈಕ್ ಬೆಲೆಯ ಕಾಲ್ ಆಪ್ಷನ್ನಿನ ಬೆಲೆ ಪುಟ್‌ಗಿಂತ ಹೆಚ್ಚಿದ್ದರೆ, ಷೇರು ಏರುತ್ತದೆಂದು ಮಾರುಕಟ್ಟೆ ನಂಬಿದೆ ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ಈ ತಪ್ಪು ಕಲ್ಪನೆ ಬಿಟ್ಟದ್ದು ಲೆಕ್ಕವನ್ನು ನಾನೇ ಹಾಕಿ ನೋಡಿದ ಮೇಲೆ.

ಷೇರಿನ ಬೆಲೆ 500, ಸ್ಟ್ರೈಕ್ ಬೆಲೆಯೂ 500, ಅವಧಿ ಮುಗಿಯಲು ಮೂರು ತಿಂಗಳು, ಆ ಮೂರು ತಿಂಗಳಿಗೆ ಬಡ್ಡಿ ಶೇಕಡಾ 2 ಎಂದಿಟ್ಟುಕೊಳ್ಳೋಣ. ನಾನು ಒಂದು ಕಾಲ್ ಕೊಂಡು, ಒಂದು ಪುಟ್ ಮಾರುತ್ತೇನೆ. ಕೊನೆಯ ದಿನ ಷೇರು 560 ಆಗಿದ್ದರೆ ನಾನು ಕಾಲ್ ಚಲಾಯಿಸಿ 500 ಕೊಟ್ಟು ಷೇರು ಪಡೆಯುತ್ತೇನೆ. 440 ಆಗಿದ್ದರೆ ಪುಟ್ ಕೊಂಡವನು ತನ್ನ ಷೇರನ್ನು ನನಗೆ 500ಕ್ಕೆ ಒಪ್ಪಿಸುತ್ತಾನೆ. ಎರಡೂ ಸಂದರ್ಭದಲ್ಲಿ ನನ್ನ ಕೈಯಿಂದ 500 ಹೋಗಿ, ಕೈಗೆ ಷೇರು ಬರುತ್ತದೆ. ಅಂದರೆ ಈ ಜೋಡಿ ಬೇರೇನೂ ಅಲ್ಲ, ಮೂರು ತಿಂಗಳ ನಂತರ 500 ಕೊಟ್ಟು ಷೇರು ಕೊಳ್ಳುವ ಕರಾರು. ಹೀಗಾಗಿ ಅದರ ಇಂದಿನ ಬೆಲೆ, ಷೇರಿನ ಇಂದಿನ ಬೆಲೆಯಿಂದ 500ರ ಇಂದಿನ ಮೌಲ್ಯವನ್ನು ಕಳೆದಷ್ಟೇ ಇರಬೇಕು:

```
C - P = S - PV(K)
```

ಇದೇ ಪುಟ್-ಕಾಲ್ ಸಮತೆ. ಇಲ್ಲಿ C ಕಾಲ್ ಬೆಲೆ, P ಪುಟ್ ಬೆಲೆ, S ಷೇರಿನ ಬೆಲೆ, PV(K) ಸ್ಟ್ರೈಕ್ ಬೆಲೆಯ ಇಂದಿನ ಮೌಲ್ಯ. 500ನ್ನು 1.02ರಿಂದ ಭಾಗಿಸಿದರೆ 490.20, ಆದ್ದರಿಂದ ಕಾಲ್ ಪುಟ್‌ಗಿಂತ 9.80ರಷ್ಟು ದುಬಾರಿಯಾಗಿರಬೇಕು. ಈ 9.80 ಯಾರ ಆಶಾವಾದವೂ ಅಲ್ಲ. 500ನ್ನು ಈಗಲೇ ಕೊಡದೆ ಮೂರು ತಿಂಗಳು ತನ್ನಲ್ಲೇ ಇಟ್ಟುಕೊಳ್ಳುವುದಕ್ಕೆ ಸಲ್ಲುವ ಬಡ್ಡಿ. ಷೇರು ಏರುವ ಸಂಭವ ಎಷ್ಟು, ಏರಿಳಿತ ಎಷ್ಟು ತೀವ್ರ ಎಂಬ ಸಂಖ್ಯೆಗಳು ಸೂತ್ರದಲ್ಲಿ ಎಲ್ಲಿಯೂ ಇಲ್ಲ. ಏರಿಳಿತದ ಭಯ ಹೆಚ್ಚಿದರೆ ಕಾಲ್ ಮತ್ತು ಪುಟ್ ಎರಡೂ ಒಂದೇ ಮೊತ್ತದಷ್ಟು ದುಬಾರಿಯಾಗುತ್ತವೆ, ಅಂತರ ಹಾಗೆಯೇ ಉಳಿಯುತ್ತದೆ. ಷೇರು ಏರುತ್ತದೆಂಬ ನಂಬಿಕೆ ಬಲವಾದರೆ ಅದು ಷೇರಿನ ಬೆಲೆಯಲ್ಲೇ ಸೇರಿಕೊಳ್ಳುತ್ತದೆ, ಆ ಬೆಲೆಯ ಮೂಲಕವೇ ಅಂತರವನ್ನು ತಲುಪುತ್ತದೆ.

ಇಷ್ಟು ತಿಳಿದ ಉತ್ಸಾಹದಲ್ಲಿ ನಾನು ಬೆಲೆಪಟ್ಟಿಗಳನ್ನು ಜಾಲಾಡತೊಡಗಿದೆ. ಮೇಲಿನ ಸಂಖ್ಯೆಗಳನ್ನೇ ಹೋಲುವ ಒಂದು ಷೇರಿನಲ್ಲಿ ಕಾಲ್ 22ಕ್ಕೂ ಪುಟ್ 17.50ಕ್ಕೂ ಕಂಡವು. ಅಂತರ 4.50 ಮಾತ್ರ, ಇರಬೇಕಾದದ್ದು 9.80. ಷೇರನ್ನು ಎರವಲು ತಂದು 500ಕ್ಕೆ ಮಾರಿ, ಪುಟ್ ಮಾರಿ, ಕಾಲ್ ಕೊಂಡರೆ ಕೈಯಲ್ಲಿ 495.50 ಉಳಿಯುತ್ತದೆ, ಬಡ್ಡಿ ಸೇರಿ ಅದು 505.41 ಆಗುತ್ತದೆ, ಕೊನೆಗೆ 500 ಕೊಟ್ಟು ಪಡೆದ ಷೇರನ್ನು ಹಿಂತಿರುಗಿಸಿದರೆ 5.41 ಅಪಾಯವಿಲ್ಲದ ಲಾಭ. ಇಷ್ಟು ಸುಲಭದ ಹಣ ಎಲ್ಲರ ಕಣ್ಣೆದುರು ಬಿದ್ದಿರುವುದೇ ಅನುಮಾನಕ್ಕೆ ಕಾರಣವಾಗಬೇಕಿತ್ತು, ನನಗೆ ಆಗಲಿಲ್ಲ.

ಆದೇಶ ಕೊಡುವ ಮುನ್ನ ಲಾಭಾಂಶದ ದಿನಾಂಕಗಳನ್ನು ನೋಡಿದ್ದು ನನ್ನ ಪುಣ್ಯ. ಒಂದು ತಿಂಗಳಲ್ಲಿ ಆ ಷೇರಿಗೆ 5ರ ಲಾಭಾಂಶವಿತ್ತು. ಎರವಲು ತಂದ ಷೇರಿನ ಲಾಭಾಂಶವನ್ನು ಅದರ ಒಡೆಯನಿಗೆ ನಾನೇ ಕೊಡಬೇಕು. ಕಾಲ್ ಹಿಡಿದಿರುವ ನನಗಾದರೋ ಅದು ಬರುವುದಿಲ್ಲ. ಅದರ ಇಂದಿನ ಮೌಲ್ಯ ಸುಮಾರು 4.97. ಅದನ್ನು ಕಳೆದರೆ ಇರಬೇಕಾದ ಅಂತರ 4.83ಕ್ಕೆ ಇಳಿಯುತ್ತದೆ, ಕಂಡ ಅಂತರಕ್ಕಿಂತ ಕೇವಲ 0.33 ಹೆಚ್ಚು. ಆ 0.33 ಕೂಡ ನಿಜವಾಗಿರಲಿಲ್ಲ, ಏಕೆಂದರೆ ನಾನು ನೋಡಿದ್ದು ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವಿನ ಸರಾಸರಿಯನ್ನು. ಕಾಲ್ ಕೊಳ್ಳಲು 22.20 ಕೊಡಬೇಕಿತ್ತು, ಪುಟ್ ಮಾರಿದರೆ 17.30 ಮಾತ್ರ ಸಿಗುತ್ತಿತ್ತು. ನಾನು ತೆರಬೇಕಾದ ಅಂತರ 4.90, ಅಂದರೆ ಶುಲ್ಕಗಳಿಗೂ ಮೊದಲೇ ನಷ್ಟ.

ಅಂದಿನಿಂದ ಸರಾಸರಿ ಬೆಲೆಯಿಂದಾಗಲಿ, ಕೊನೆಯ ವಹಿವಾಟಿನ ಬೆಲೆಯಿಂದಾಗಲಿ ಸಮತೆಯನ್ನು ಅಳೆಯುವುದನ್ನು ಬಿಟ್ಟಿದ್ದೇನೆ. ಕಾಲ್ ಬೆಳಿಗ್ಗೆ, ಪುಟ್ ಮಧ್ಯಾಹ್ನ ಕೈಬದಲಾಗಿದ್ದರೆ, ನಡುವೆ ಷೇರು ಸರಿದಷ್ಟೂ ಸುಳ್ಳು ಲಾಭವಾಗಿ ಕಾಣುತ್ತದೆ. ಈ ಸಮೀಕರಣ ನಿಖರವಾಗಿ ಅನ್ವಯಿಸುವುದು ಕೊನೆಯ ದಿನ ಮಾತ್ರ ಚಲಾಯಿಸಬಹುದಾದ ಯುರೋಪಿಯನ್ ಆಪ್ಷನ್‌ಗಳಿಗೆ ಎಂಬುದನ್ನೂ ಮರೆಯಬಾರದು. ಅಮೆರಿಕನ್ ಬಗೆಯಲ್ಲಿ ನಾನು ಮಾರಿದ ಪುಟ್ಟನ್ನು ಎದುರಿನವನು ಯಾವ ದಿನವಾದರೂ ಚಲಾಯಿಸಬಹುದಾದ್ದರಿಂದ, ಅಂತರ ಒಂದು ಮಿತಿಯೊಳಗೆ ಇರಬೇಕೆಂದಷ್ಟೇ ಹೇಳಬಹುದು.

ಇನ್ನೊಮ್ಮೆ ಲಾಭಾಂಶವೇ ಇಲ್ಲದ ಷೇರೊಂದರಲ್ಲಿ, ಕೊಳ್ಳುವ-ಮಾರುವ ಬೆಲೆಗಳನ್ನೇ ಹಿಡಿದು ಲೆಕ್ಕ ಹಾಕಿದರೂ ಪುಟ್ ಸಮತೆಯ ಪ್ರಕಾರ ಇರಬೇಕಾದದ್ದಕ್ಕಿಂತ ದುಬಾರಿಯಾಗಿಯೇ ಉಳಿಯಿತು, ಅದೂ ದಿನಗಟ್ಟಲೆ. ಷೇರನ್ನು ಎರವಲು ಕೇಳಿದಾಗ ಕಾರಣ ತಿಳಿಯಿತು: ಎರವಲಿಗೆ ಷೇರು ಸಿಗುವುದೇ ಅಪರೂಪವಾಗಿತ್ತು, ಸಿಕ್ಕರೂ ಅದಕ್ಕೆ ಕೇಳುತ್ತಿದ್ದ ಶುಲ್ಕ ನನ್ನ ಲೆಕ್ಕದ ಲಾಭಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು.