ಮೊಟ್ಟೆ ದೂರು: ಎರಡನೇ ಪತ್ರ ಕೆಲಸ ಮಾಡಿತು

ವಿಜಯಪುರದ ನಮ್ಮ ಹಾಸ್ಟೆಲ್ ಮೆಸ್ ಕಮಿಟಿಯಿಂದ ಮೊದಲು ಮೊಟ್ಟೆ ಸಪ್ಲೈ ಮಾಡುವವರಿಗೆ "ಮೊಟ್ಟೆ ಸರಿಯಿಲ್ಲ" ಅಂತ ಸುಮ್ನೆ ಬರೆದಿದ್ದೆವು. ಅವರು, ನಿಮ್ಮ ಅಡುಗೆಯವರೇ ಒಡೆದಿರಬೇಕು ಅಂದುಬಿಟ್ಟರು. ತುಂಬಾ ಬೇಜಾರಾಯಿತು.

ಮುಂದಿನ ಸಲ ಗಾಡಿ ಹೋಗುವ ಮುಂಚೆಯೇ, ಡ್ರೈವರ್ ಎದುರಿಗೆ 10 ಟ್ರೇ, ಅಂದರೆ 300 ಮೊಟ್ಟೆ ಎಣಿಸಿದೆವು. 34 ಬಿರುಕು ಬಿಟ್ಟಿದ್ದವು. ಪ್ರತಿ ಟ್ರೇಯಿಂದ ಎರಡೆರಡು ತೆಗೆದು ನೀರಿಗೆ ಹಾಕಿದೆವು. ತಾಜಾ ಮೊಟ್ಟೆ ತಳದಲ್ಲಿ ಅಡ್ಡ ಮಲಗುತ್ತದೆ, ಹಳತಾದಂತೆ ಒಳಗಿನ ತೇವ ಚಿಪ್ಪಿನಿಂದ ಆರಿ ಗಾಳಿ ಜಾಸ್ತಿಯಾಗುವುದರಿಂದ ನೆಟ್ಟಗೆ ನಿಲ್ಲುತ್ತದೆ, ಕೊನೆಗೆ ತೇಲುತ್ತದೆ. 20ರಲ್ಲಿ 7 ತೇಲಿದವು! ಎಲ್ಲವನ್ನೂ ಚಲನ್ ಮೇಲೆ ಬರೆದು ಡ್ರೈವರ್ ಸಹಿ ಹಾಕಿಸಿಕೊಂಡೆವು.

ಪತ್ರದಲ್ಲಿ ತಾರೀಖು, ಈ ಲೆಕ್ಕ, ಚಲನ್ ನಂಬರ್, ಜೊತೆಗೆ ಎರಡೇ ಬೇಡಿಕೆ: ಒಡೆದದ್ದಕ್ಕೆ ಬಿಲ್ಲಿನಲ್ಲಿ ಕಡಿತ, ಹಳೆಯ ಲೋಡ್ ವಾಪಸ್. ಮೂರನೇ ದಿನ ಬದಲಿ ಮೊಟ್ಟೆ ಬಂತು.