ಓಟಿಪಿ ಹಾಕಿದ ಮೇಲೆ ಲಾಗಿನ್ ಪುಟ: ಕಾರ್ಡ್ ಪಾವತಿಯ ಹೋಗಿಬರುವ ದಾರಿಯನ್ನು ನಾನು ಅರಿತ ಬಗೆ

ಹುಬ್ಬಳ್ಳಿಯಲ್ಲಿ ಕುಳಿತು ಸಣ್ಣ ವ್ಯಾಪಾರಿಗಳಿಗೆ ಜಾಲತಾಣ ಕಟ್ಟಿಕೊಡುವುದು ನನ್ನ ಕೆಲಸ. 2022ರ ಕೊನೆಯಲ್ಲಿ ಇಳಕಲ್ ಸೀರೆ ಮಾರುವ ಒಬ್ಬರಿಗೆ ಅಂಗಡಿಯ ತಾಣವನ್ನು ಮಾಡಿಕೊಟ್ಟೆ. ತೆರೆದ ಮೊದಲ ವಾರದಲ್ಲೇ ಅವರ ಫೋನ್ ಬಂತು. "ಓಟಿಪಿ ಹಾಕಿದ ಮ್ಯಾಲೆ ಮತ್ತ ಲಾಗಿನ್ ಪುಟಾನ ಬರ್ತದಂತ್ರಿ ಸರ್, ರೊಕ್ಕ ಮಾತ್ರ ಹೋಗೇತಿ ಅಂತಾರ" ಎಂದರು. ನಾನು ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿತ್ತು. ಅವರ ಗ್ರಾಹಕರಲ್ಲೂ ಎಲ್ಲರಿಗೂ ಹೀಗಾಗುತ್ತಿರಲಿಲ್ಲ. ಐಫೋನ್ ಬಳಸುವವರು ಒಬ್ಬರೂ ದೂರಿರಲಿಲ್ಲ.

ಕಾರಣ ಸಿಕ್ಕಿದ್ದು ಎರಡು ದಿನ ಹುಡುಕಿದ ಮೇಲೆ. ಅದನ್ನು ಹೇಳುವ ಮೊದಲು ಹಣ ಕಟ್ಟುವ ಗುಂಡಿ ಒತ್ತಿದಾಗ ಗ್ರಾಹಕನ ಬ್ರೌಸರ್ ಎಲ್ಲೆಲ್ಲಿಗೆ ಹೋಗಿಬರುತ್ತದೆ ಎಂಬುದನ್ನು ಹೇಳಬೇಕು. ಆ ದಾರಿಯನ್ನು ನಾನು ಅಲ್ಲಿಯವರೆಗೆ ಅರ್ಧಂಬರ್ಧ ಮಾತ್ರ ತಿಳಿದುಕೊಂಡಿದ್ದೆ.

ಭಾರತದೊಳಗಿನ ಆನ್‌ಲೈನ್ ಕಾರ್ಡ್ ಪಾವತಿಗೆ ಕಾರ್ಡಿನ ಮೇಲೆ ಅಚ್ಚಾಗಿರದ ಇನ್ನೊಂದು ಪುರಾವೆಯೂ ಬೇಕೆಂದು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದ ಕಡ್ಡಾಯ ಮಾಡಿತು. ಆ ಪುರಾವೆಯನ್ನು ಕೇಳುವ ವ್ಯವಸ್ಥೆಯ ಹೆಸರು ತ್ರೀ-ಡಿ ಸೆಕ್ಯೂರ್. ಇಲ್ಲಿ 'ಡಿ' ಎಂದರೆ ಡೊಮೇನ್, ಅಂದರೆ ವಲಯ. ಗ್ರಾಹಕನಿಗೆ ಕಾರ್ಡ್ ಕೊಟ್ಟ ಬ್ಯಾಂಕಿನದು ಒಂದು ವಲಯ, ವ್ಯಾಪಾರಿ ಮತ್ತು ಅವನ ಪರವಾಗಿ ಹಣ ಪಡೆಯುವ ಬ್ಯಾಂಕಿನದು ಇನ್ನೊಂದು, ಇವೆರಡರ ನಡುವೆ ಸಂದೇಶ ದಾಟಿಸುವ ವೀಸಾ, ಮಾಸ್ಟರ್‌ಕಾರ್ಡ್ ಮುಂತಾದ ಜಾಲಗಳದು ಮೂರನೆಯದು. ವ್ಯಾಪಾರಿಯ ವಲಯಕ್ಕೆ ಗ್ರಾಹಕನ ಓಟಿಪಿ ಎಂದೂ ಕಾಣಿಸಬಾರದು ಎಂಬುದಕ್ಕಾಗಿಯೇ ಈ ವಿಂಗಡಣೆ ಇದೆ, ಮತ್ತು ಆ ಕಾರಣಕ್ಕೇ ಬ್ರೌಸರ್ ನಮ್ಮ ತಾಣವನ್ನು ಬಿಟ್ಟು ಬ್ಯಾಂಕಿನ ಪುಟಕ್ಕೆ ಹೋಗಿ ಮರಳಬೇಕಾಗುತ್ತದೆ.

ನಮ್ಮ ಅಂಗಡಿಯ ಒಂದು ಸೀರೆಯ ಬೆಲೆ ₹4,250 ಎಂದಿಟ್ಟುಕೊಳ್ಳಿ. ಗ್ರಾಹಕ ಕಾರ್ಡಿನ ಸಂಖ್ಯೆಯನ್ನು ಬರೆಯುವುದು ವ್ಯಾಪಾರಿಯ ಪರವಾಗಿ ಪಾವತಿ ನಡೆಸಿಕೊಡುವ ಸಂಸ್ಥೆಯ, ಅಂದರೆ ಪಾವತಿ ಗೇಟ್‌ವೇಯ ಪುಟದಲ್ಲಿ. ನಮ್ಮ ಸರ್ವರ್‌ಗೆ ಅದು ಬರುವುದೇ ಇಲ್ಲ. ಗೇಟ್‌ವೇಯ ಸರ್ವರ್ ಕಾರ್ಡಿನ ಸಂಖ್ಯೆ, ಮೊತ್ತ, ವ್ಯಾಪಾರಿಯ ಹೆಸರು, ಗ್ರಾಹಕನ ಬ್ರೌಸರಿನ ಕೆಲವು ವಿವರಗಳು ಇಷ್ಟನ್ನು ಒಂದು ಸಂದೇಶದಲ್ಲಿಟ್ಟು ಕಾರ್ಡ್ ಜಾಲದ ಮೂಲಕ ಕಾರ್ಡ್ ಕೊಟ್ಟ ಬ್ಯಾಂಕಿನ ದೃಢೀಕರಣ ಸರ್ವರ್‌ಗೆ ಕಳಿಸುತ್ತದೆ. ಇದು ಸರ್ವರ್‌ನಿಂದ ಸರ್ವರ್‌ಗೆ ನಡೆಯುವ ಮಾತುಕತೆ, ಬ್ರೌಸರ್‌ಗೆ ಇದರ ಸುಳಿವಿರುವುದಿಲ್ಲ. ಬ್ಯಾಂಕ್ "ಗ್ರಾಹಕನನ್ನೇ ಕೇಳಬೇಕು" ಎಂದು ಉತ್ತರಿಸಿ ತನ್ನ ಪುಟದ ವಿಳಾಸವನ್ನೂ ಈ ವ್ಯವಹಾರಕ್ಕೆ ತಾನು ಕೊಟ್ಟ ಗುರುತನ್ನೂ ಹಿಂದಿರುಗಿಸುತ್ತದೆ. ಬ್ರೌಸರ್ ಅಲ್ಲಿಗೆ ಹೋಗುವುದು ಇದಾದ ಮೇಲೆಯೇ.

ಹೋಗುವಾಗ ಬ್ರೌಸರ್ ಏನನ್ನು ಹೊತ್ತೊಯ್ಯುತ್ತದೆ ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ Network ಭಾಗವನ್ನು ತೆರೆದು `Preserve log` ಗುರುತು ಹಾಕಿಟ್ಟರೆ (ಹಾಕದಿದ್ದರೆ ಪುಟ ಬದಲಾದೊಡನೆ ಎಲ್ಲವೂ ಅಳಿಸಿಹೋಗುತ್ತದೆ) ಬ್ಯಾಂಕಿನ ವಿಳಾಸಕ್ಕೆ ಹೋದ POST ವಿನಂತಿಯಲ್ಲಿ `creq` ಎಂಬ ಕ್ಷೇತ್ರ ಕಾಣುತ್ತದೆ. ಅದು ಗೂಢಲಿಪಿಯಲ್ಲ, ಬರೀ base64url ರೂಪದಲ್ಲಿರುತ್ತದೆ. ಬಿಡಿಸಿದರೆ ಸಿಗುವುದು ಇಷ್ಟೇ:

```json
{
  "messageType": "CReq",
  "messageVersion": "2.2.0",
  "threeDSServerTransID": "6f1c…",
  "acsTransID": "b72e…",
  "challengeWindowSize": "05"
}
```

ಇದರಲ್ಲಿ ಮೊತ್ತವಿಲ್ಲ, ಅಂಗಡಿಯ ಹೆಸರಿಲ್ಲ, ಕಾರ್ಡಿನ ಸಂಖ್ಯೆಯೂ ಇಲ್ಲ ಎಂಬುದನ್ನು ಮೊದಲ ಸಲ ಕಂಡಾಗ ನನಗೆ ಅಚ್ಚರಿಯಾಯಿತು. ಇರುವುದು ಎರಡು ಗುರುತುಗಳು ಮತ್ತು ಪುಟ ಎಷ್ಟು ದೊಡ್ಡದಿರಬೇಕೆಂಬ ಸೂಚನೆ (`05` ಎಂದರೆ ಪೂರ್ಣ ಪರದೆ). ಬ್ಯಾಂಕಿನ ಪುಟ ಮೊದಲು ಮಾಡುವ ಕೆಲಸ ಈ ಗುರುತುಗಳಿಗೆ ಹೊಂದುವ ವ್ಯವಹಾರ ಜಾಲದ ದಾರಿಯಲ್ಲಿ ತನಗೆ ಮೊದಲೇ ಬಂದಿದೆಯೇ ಎಂದು ನೋಡುವುದು. ಬಂದಿದ್ದರೆ ಆಗ ಬಂದ ಮೊತ್ತ ಮತ್ತು ಹೆಸರನ್ನೇ ಪುಟದಲ್ಲಿ ತೋರಿಸುತ್ತದೆ. ಹೀಗಾಗಿ ಬ್ರೌಸರ್‌ನಲ್ಲಿ ಯಾರಾದರೂ ಕೈಯಾಡಿಸಿ ₹4,250 ಅನ್ನು ₹42 ಮಾಡಲು ಹೊರಟರೆ, ಬದಲಾಯಿಸಲು ಅಲ್ಲಿ ಏನೂ ಸಿಗುವುದಿಲ್ಲ.

ಇದನ್ನು ನನ್ನದೇ ತಪ್ಪೊಂದು ಚೆನ್ನಾಗಿ ತೋರಿಸಿಕೊಟ್ಟಿತ್ತು. ಗೇಟ್‌ವೇಗೆ ಮೊತ್ತವನ್ನು ಪೈಸೆಯಲ್ಲಿ ಕೊಡಬೇಕು, ಅಂದರೆ 425000 ಎಂದು. ನಾನು ಒಮ್ಮೆ 4250 ಎಂದು ಕಳಿಸಿದೆ. ನಮ್ಮ ತಾಣದಲ್ಲಿ ₹4,250 ಎಂದೇ ಇತ್ತು, ಬ್ಯಾಂಕಿನ ಪುಟದಲ್ಲೂ ಓಟಿಪಿಯ ಸಂದೇಶದಲ್ಲೂ ₹42.50 ಎಂದು ಬಂತು. ಗ್ರಾಹಕ ಒಪ್ಪಿಗೆ ಕೊಡುವುದು ಅಂಗಡಿಯ ಪುಟದಲ್ಲಿ ಕಂಡ ಬೆಲೆಗಲ್ಲ, ಬ್ಯಾಂಕ್ ತೋರಿಸಿದ ಬೆಲೆಗೆ. ಹೆಸರಿನ ಮಾತೂ ಹಾಗೆಯೇ: ಅಂಗಡಿಯವರು ಗೇಟ್‌ವೇಯಲ್ಲಿ ತಂದೆಯ ಕಾಲದ ಸಂಸ್ಥೆಯ ಹೆಸರನ್ನು ನೋಂದಾಯಿಸಿದ್ದರಿಂದ ಬ್ಯಾಂಕಿನ ಪುಟದಲ್ಲಿ ಅದೇ ಬರುತ್ತಿತ್ತು, ಅದನ್ನು ನೋಡಿ ಕೆಲವರು ಹಿಂದೆ ಸರಿಯುತ್ತಿದ್ದರು. ಅವರ ಅನುಮಾನ ನ್ಯಾಯವಾದುದೇ.

ಪುಟ ಎರಡನೆಯದಾಗಿ ಪರಿಶೀಲಿಸುವುದು ಎಲ್ಲರಿಗೂ ಗೊತ್ತಿರುವ ಸಂಗತಿ: ಬ್ಯಾಂಕಿನಲ್ಲಿ ನೋಂದಾಯಿಸಿದ ಮೊಬೈಲ್‌ಗೆ ಕಳಿಸಿದ ಓಟಿಪಿಯನ್ನು ಇದೇ ವ್ಯವಹಾರಕ್ಕೆ, ಅವಧಿಯೊಳಗೆ, ಸರಿಯಾಗಿ ತುಂಬಲಾಗಿದೆಯೇ ಎಂಬುದು. ಖಾತೆಯಲ್ಲಿ ಹಣವಿದೆಯೇ ಎಂಬುದನ್ನು ತೀರ್ಮಾನಿಸುವುದು ಈ ಹಂತದ ಕೆಲಸವಲ್ಲ, ಆದ್ದರಿಂದಲೇ ಓಟಿಪಿ ಸರಿಯಾದ ಮೇಲೂ ಪಾವತಿ ತಿರಸ್ಕೃತವಾಗಬಹುದು. ಓಟಿಪಿಯನ್ನು ತುಂಬಿದ ಕೈ ಕಾರ್ಡಿನ ಯಜಮಾನನದೇ ಎಂಬುದೂ ಅದಕ್ಕೆ ಗೊತ್ತಾಗುವುದಿಲ್ಲ; ಫೋನ್ ಮಾಡಿ ಓಟಿಪಿ ಕೇಳುವ ವಂಚಕರು ಬದುಕಿರುವುದು ಈ ಸಂದಿನಲ್ಲಿ.

ಓಟಿಪಿ ಸರಿ ಎಂದಾದಾಗ ಬ್ಯಾಂಕಿನ ಸರ್ವರ್ ಮೊದಲು ಫಲಿತಾಂಶವನ್ನು ಜಾಲದ ಮೂಲಕ ಗೇಟ್‌ವೇಯ ಸರ್ವರ್‌ಗೆ ಮುಟ್ಟಿಸುತ್ತದೆ. ಅದರ ಜೊತೆಗೆ 20 ಬೈಟಿನ ಒಂದು ಗೂಢ ಮೌಲ್ಯವನ್ನೂ ಕೊಡುತ್ತದೆ. ಗೇಟ್‌ವೇ ಹಣ ಕೇಳುವ ಸಂದೇಶದಲ್ಲಿ ಆ ಮೌಲ್ಯವನ್ನು ಸೇರಿಸಿದಾಗ, ಇದು ನಿಜವಾಗಿ ದೃಢೀಕರಣವಾದ ವ್ಯವಹಾರವೆಂದು ಕಾರ್ಡ್ ಕೊಟ್ಟ ಕಡೆಯವರು ಅದರಿಂದಲೇ ಗುರುತಿಸುತ್ತಾರೆ. ಫಲಿತಾಂಶ ಮುಟ್ಟಿದ ಮೇಲೆ ಬ್ಯಾಂಕಿನ ಪುಟ ಬ್ರೌಸರನ್ನು `cres` ಎಂಬ ಚಿಕ್ಕ ಸಂದೇಶದೊಂದಿಗೆ ಗೇಟ್‌ವೇಗೆ ಮರಳಿಸುತ್ತದೆ. ಅದರಲ್ಲಿ `"transStatus": "Y"` ಎಂದು ಕಾಣಬಹುದು, ಆದರೆ ಈ ಸಂದೇಶಕ್ಕೆ ಬ್ಯಾಂಕಿನ ಸಹಿ ಇರುವುದಿಲ್ಲ, ಆ ಗೂಢ ಮೌಲ್ಯವೂ ಇರುವುದಿಲ್ಲ. ಹಳೆಯ ಆವೃತ್ತಿಯಲ್ಲಿ ಬ್ರೌಸರ್ ತರುವ ಉತ್ತರಕ್ಕೇ ಬ್ಯಾಂಕ್ ಸಹಿ ಹಾಕುತ್ತಿತ್ತು. ಈಗ ಬ್ರೌಸರ್ ತರುವ `Y` ಗ್ರಾಹಕ ಮರಳಿದ್ದಾನೆ ಎಂಬುದಕ್ಕೆ ಸೂಚನೆ ಅಷ್ಟೇ. ಗೇಟ್‌ವೇ ಹಣ ಕೇಳುವುದು ಹಿಂಬಾಗಿಲಿನಿಂದ ಬಂದ ಫಲಿತಾಂಶವನ್ನು ನಂಬಿ.

ಇನ್ನು ನಮ್ಮ ಅಂಗಡಿಯ ತೊಂದರೆಗೆ ಬರುತ್ತೇನೆ. ಹಣ ಸಂದಾಯವಾದ ಮೇಲೆ ಗೇಟ್‌ವೇ ಗ್ರಾಹಕನ ಬ್ರೌಸರನ್ನು ನಮ್ಮ `/payment/return` ವಿಳಾಸಕ್ಕೆ POST ಮೂಲಕ ಕಳಿಸುತ್ತಿತ್ತು. ಸರ್ವರ್‌ನ ದಾಖಲೆ ತೆಗೆದು ನೋಡಿದೆ. ಲಾಗಿನ್ ಆದವರು ಯಾರೆಂದು ತಾಣ ಗುರುತಿಸುವುದು ಬ್ರೌಸರ್ ಪ್ರತಿ ವಿನಂತಿಯ ಜೊತೆ ಕಳಿಸುವ ಸೆಷನ್ ಕುಕಿಯಿಂದ. `/checkout` ವಿನಂತಿಯಲ್ಲಿದ್ದ ಆ ಕುಕಿ `/payment/return` ವಿನಂತಿಯಲ್ಲಿ ಇರಲೇ ಇಲ್ಲ. ಕುಕಿ ಇಲ್ಲದ್ದರಿಂದ ಫ್ರೇಮ್‌ವರ್ಕ್ "ಯಾರೋ ಹೊಸಬರು" ಎಂದು ಖಾಲಿ ಸೆಷನ್ ಸೃಷ್ಟಿಸಿ, ಅದರ ಕುಕಿಯನ್ನು ಹಳೆಯದರ ಮೇಲೆ ಬರೆದು, ಗ್ರಾಹಕನನ್ನು ಲಾಗಿನ್ ಪುಟಕ್ಕೆ ಅಟ್ಟುತ್ತಿತ್ತು.

ಕುಕಿ ಬಾರದಿರಲು ಕಾರಣ ಕ್ರೋಮ್ 2020ರಲ್ಲಿ ತಂದ ನಿಯಮ. ಬೇರೆ ತಾಣದಿಂದ ಬರುವಾಗ ಕುಕಿ ಜೊತೆಗೆ ಹೋಗಬೇಕೇ ಎಂದು ತಿಳಿಸುವ ಗುರುತು `SameSite`. ಅದನ್ನು ಹೇಳದ ಕುಕಿಯನ್ನು ಕ್ರೋಮ್ `Lax` ಎಂದು ಎಣಿಸುತ್ತದೆ, ಮತ್ತು ಬೇರೆ ತಾಣದಿಂದ POST ಮೂಲಕ ಬರುವಾಗ ಅಂಥ ಕುಕಿಯನ್ನು ಕಳಿಸುವುದಿಲ್ಲ. ಆದರೆ ಹಠಾತ್ತಾಗಿ ಪಾವತಿಗಳು ಮುರಿಯದಿರಲೆಂದು ಒಂದು ವಿನಾಯಿತಿಯನ್ನೂ ಇಟ್ಟಿದೆ: ಕುಕಿ ಹುಟ್ಟಿ ಎರಡು ನಿಮಿಷ ಕಳೆದಿರದಿದ್ದರೆ POST ಜೊತೆಗೂ ಹೋಗುತ್ತದೆ. ನಾನು ಪ್ರತಿ ಪರೀಕ್ಷೆಗೂ ಹೊಸ ಖಾಸಗಿ ಕಿಟಕಿ ತೆರೆದು, ಮೊದಲ ಸೀರೆಯನ್ನೇ ಬುಟ್ಟಿಗೆ ಹಾಕಿ, ಪರೀಕ್ಷಾ ಕಾರ್ಡಿನಿಂದ ಒಂದೇ ನಿಮಿಷದಲ್ಲಿ ಮುಗಿಸುತ್ತಿದ್ದೆ. ನಿಜವಾದ ಗ್ರಾಹಕರು ಹತ್ತು ನಿಮಿಷ ಸೆರಗು, ಅಂಚು ನೋಡಿ, ಮನೆಯವರನ್ನು ಕೇಳಿ, ಆಮೇಲೆ ಓಟಿಪಿಗಾಗಿ ಕಾಯುತ್ತಿದ್ದರು. ಐಫೋನಿನ ಸಫಾರಿ ಈ ನಿಯಮವನ್ನು ಹಾಗೆ ಹೇರದ ಕಾರಣ ಅಲ್ಲಿ ತೊಂದರೆ ಕಾಣಲಿಲ್ಲ. ಬ್ಯಾಂಕಿನ ಪುಟದಲ್ಲಿ ಮೂರು ನಿಮಿಷ ಸುಮ್ಮನೆ ಕುಳಿತು ಆಮೇಲೆ ಮುಂದುವರಿದಾಗ ನನ್ನ ಗಣಕದಲ್ಲೂ ಲಾಗಿನ್ ಪುಟ ಬಂತು.

ಕುಕಿಗೆ `SameSite=None; Secure` ಎಂದು ಬರೆದರೆ ಸಾಕೆಂದು ಹಲವರು ಹೇಳುತ್ತಾರೆ. ನಾನು ಹಾಗೆ ಮಾಡಲಿಲ್ಲ. ಅಂಗಡಿಯ ಇಡೀ ಸೆಷನ್ನನ್ನು ಎಲ್ಲ ತಾಣಗಳ POST ವಿನಂತಿಗಳಿಗೂ ತೆರೆದಿಡುವುದು ನನಗೆ ಒಪ್ಪಿಗೆಯಾಗಲಿಲ್ಲ, ಜೊತೆಗೆ ಐಓಎಸ್ 12ರ ಸಫಾರಿ `None` ಅನ್ನು ತಪ್ಪಾಗಿ `Strict` ಎಂದು ಓದುತ್ತದೆ. ಅದರ ಬದಲು `/payment/return` ವಿಳಾಸದಲ್ಲಿ ಸೆಷನ್ ಆರಂಭವೇ ಆಗದಂತೆ ಮಾಡಿದೆ. ಅಲ್ಲಿಗೆ ಬಂದ POST‌ನಲ್ಲಿರುವ ಗೇಟ್‌ವೇಯ ಸಹಿಯನ್ನು ಪರಿಶೀಲಿಸಿ, ಆರ್ಡರ್ ಸಂಖ್ಯೆಯನ್ನು ಮಾತ್ರ ತೆಗೆದುಕೊಂಡು, ನಮ್ಮ ಸರ್ವರ್‌ನಿಂದ ನೇರವಾಗಿ ಗೇಟ್‌ವೇಗೆ "ಈ ಆರ್ಡರಿನ ಸ್ಥಿತಿ ಏನು, ಮೊತ್ತ ಎಷ್ಟು" ಎಂದು ಕೇಳುತ್ತೇನೆ. ಉತ್ತರದಲ್ಲಿ 425000 ಪೈಸೆ ಸಂದಾಯವಾಗಿದೆ ಎಂದು ಬಂದರೆ ಮಾತ್ರ ಆರ್ಡರ್ ಖಾತರಿಯಾಗುತ್ತದೆ. ಅದಾದ ಮೇಲೆ ಬ್ರೌಸರನ್ನು ಬೇರೆ ವಿಳಾಸಕ್ಕೆ ಹೋಗು ಎನ್ನುವ 303 ಉತ್ತರದ ಮೂಲಕ ಆರ್ಡರಿನ ಪುಟಕ್ಕೆ ಕಳಿಸುತ್ತೇನೆ. 303 ಬಂದಾಗ ವಿನಂತಿ GET ಆಗಿ ಮಾರ್ಪಡುತ್ತದೆ, GET ಜೊತೆಗೆ `Lax` ಕುಕಿ ಹೋಗುತ್ತದೆ, ಗ್ರಾಹಕ ಲಾಗಿನ್ ಆಗಿಯೇ ಉಳಿಯುತ್ತಾನೆ. 307 ಬಳಸಿದರೆ POST ಹಾಗೆಯೇ ಉಳಿಯುವುದರಿಂದ ಮತ್ತೆ ಅದೇ ತೊಂದರೆ.

ಮರಳುವ ದಾರಿಯಲ್ಲೇ ಗ್ರಾಹಕನ ಫೋನಿನ ನೆಟ್‌ವರ್ಕ್ ಹೋದರೆ ಬ್ರೌಸರ್ ನಮ್ಮಲ್ಲಿಗೆ ಬರುವುದೇ ಇಲ್ಲ. ಅದಕ್ಕಾಗಿ ಗೇಟ್‌ವೇ ನಮ್ಮ ಸರ್ವರ್‌ಗೆ ತಾನಾಗಿ ಸುದ್ದಿ ಮುಟ್ಟಿಸುವ ವೆಬ್‌ಹುಕ್ ಅನ್ನೂ ಆಗಲೇ ಜೋಡಿಸಿದೆ. ಯಾವುದು ಮೊದಲು ಬಂದರೂ ಆರ್ಡರ್ ಒಮ್ಮೆ ಮಾತ್ರ ಖಾತರಿಯಾಗಬೇಕೆಂದು ಆರ್ಡರ್ ಸಂಖ್ಯೆಗೆ ಬೀಗ ಹಾಕಿದ್ದೇನೆ.

ಆ ವಾರ ಸಿಕ್ಕಿಹಾಕಿಕೊಂಡಿದ್ದ ಆರ್ಡರುಗಳನ್ನು ಗೇಟ್‌ವೇಯ ಪಟ್ಟಿಯೊಂದಿಗೆ ಒಂದೊಂದಾಗಿ ತಾಳೆ ನೋಡಿದೆವು. ಹಣ ಬಂದಿದ್ದರೂ ನಮ್ಮಲ್ಲಿ "ಬಾಕಿ" ಎಂದಿದ್ದವುಗಳನ್ನು ಖಾತರಿ ಮಾಡಿ ಸೀರೆಗಳನ್ನು ಕಳಿಸಿಕೊಟ್ಟರು. ಒಬ್ಬ ಅಮ್ಮ ಲಾಗಿನ್ ಪುಟ ನೋಡಿ ಮತ್ತೆ ಒಳಬಂದು, ಬುಟ್ಟಿಯಲ್ಲಿ ಸೀರೆ ಹಾಗೆಯೇ ಇದ್ದದ್ದರಿಂದ, ಎರಡನೆಯ ಸಲವೂ ಹಣ ಕಟ್ಟಿದ್ದರು. ಅವರಿಗೆ ಒಂದು ಮೊತ್ತವನ್ನು ಮರಳಿಸಲಾಯಿತು.