ಒಂದು ಗಂಟೆಯ ಪಾಠ, ಎರಡು ಪುಟದ ನೋಟ್ಸ್

ಕ್ಲಾಸಿನಲ್ಲಿ ಫೋನ್ ಇಟ್ಟು ಪಾಠ ರೆಕಾರ್ಡ್ ಮಾಡುವುದು, ಆಮೇಲೆ ಆ್ಯಪ್‌ನಿಂದ ಅದನ್ನು ಅಕ್ಷರಕ್ಕಿಳಿಸುವುದು ಈಗ ಕಾರವಾರ, ಶಿರಸಿಯ ಡಿಗ್ರಿ ಮಕ್ಕಳಿಗೆ ಸಲೀಸು. ಕಷ್ಟ ಶುರುವಾಗುವುದು ಆಮೇಲೆ. ಒಂದು ಗಂಟೆಯ ಮಾತು ಟ್ರಾನ್ಸ್‌ಕ್ರಿಪ್ಟ್ ಆಗಿ ಬಂದರೆ ಹತ್ತು ಪುಟಕ್ಕೂ ಜಾಸ್ತಿ. ಪೂರ್ಣವಿರಾಮ ಇಲ್ಲ, ಪ್ಯಾರಾ ಇಲ್ಲ, ನಡುನಡುವೆ ಹಾಜರಿ ಮತ್ತು ಬೈಗುಳ. ಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ಯಾರೂ ಓದುವುದಿಲ್ಲ.

ಹೆಚ್ಚಿನವರು ಮಾಡುವುದೇನೆಂದರೆ, ಮೊದಲ ಸಾಲಿನಿಂದ ಓದುತ್ತಾ ಮುಖ್ಯ ಅನಿಸಿದ್ದಕ್ಕೆಲ್ಲ ಹೈಲೈಟರ್ ಎಳೆಯುತ್ತಾರೆ. ಕೊನೆಗೆ ಇಡೀ ಪುಟ ಹಳದಿ. ಇದನ್ನು ತಿರುಗಿಸಿ ಮಾಡಬೇಕು. ಮೊದಲು ಮಾರ್ಜಿನ್‌ನಲ್ಲಿ ಪ್ರಶ್ನೆ, ಆಮೇಲೆ ಅದಕ್ಕೆ ಉತ್ತರವಾಗಿ ನೋಟ್ಸ್. ಎಡಗಡೆ ಪ್ರಶ್ನೆ, ಬಲಗಡೆ ಟಿಪ್ಪಣಿ ಬರೆಯುವ ಈ ಪದ್ಧತಿಯನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಪಾಕ್ ಎಂಬ ಅಧ್ಯಾಪಕರು 1950ರ ದಶಕದಲ್ಲಿ ರೂಢಿಗೆ ತಂದರು. ಅವರು ಹೇಳಿದ್ದು ಕ್ಲಾಸಿನಲ್ಲಿ ಕೂತು ಕೈಯಲ್ಲಿ ಬರೆಯುವವರಿಗೆ. ನಮ್ಮ ಕೈಯಲ್ಲಿ ಇಡೀ ಪಾಠವೇ ಇರುವುದರಿಂದ ಕೆಲಸದ ಕ್ರಮ ಸ್ವಲ್ಪ ಬೇರೆ.

ಉದಾಹರಣೆಗೆ ಕಾರವಾರದ ಬಿಎಸ್ಸಿ ತರಗತಿಯೊಂದರಲ್ಲಿ ಕಾಂಡ್ಲಾ ಗಿಡಗಳ ಪಾಠ ನಡೆದಿದೆ ಎಂದಿಟ್ಟುಕೊಳ್ಳಿ. ಮೇಡಂ ಒಪ್ಪಿಗೆ ಕೇಳಿಯೇ ರೆಕಾರ್ಡ್ ಮಾಡಿದ್ದೀರಿ (ಕೇಳದೆ ಮಾಡಬೇಡಿ). ಬಂದ ಟ್ರಾನ್ಸ್‌ಕ್ರಿಪ್ಟ್‌ನ ಒಂದು ತುಣುಕು ಹೀಗಿದೆ:

“ಹಾಂ ಈಗ ಈ ಗಿಡ ಅವಿ ಸೇನೆಯ ಕಾಳಿ ನದಿ ಹತ್ರ ನೋಡಿದ್ದೀರಿ ಅಲ್ವಾ ಪೆನ್ಸಿಲ್ ತರ ಮೇಲಕ್ಕೆ ಎದ್ದಿರ್ತದೆ ಅದು ಬೇರು ಬೇರು ಯಾಕೆ ಮೇಲಕ್ಕೆ ಬರಬೇಕು ಹೇಳಿ ನೋಡುವಾ ಕೆಸರಲ್ಲಿ ಗಾಳಿ ಆಡೋದು ಹಿಂದಿನ ಬೆಂಚು ಮಾತು ಸಾಕು ಅದಕ್ಕೆ ಇದು ಉಸಿರಾಟದ ಬೇರು ಬರ್ಕೊಳ್ಳಿ ನಿಮ್ಮ ಟೋ ಫೋರ್ ಇದ್ರ ಮೇಲೆ ಸಣ್ಣ ತೂತು ಲೆಂಟಿ ಸೆಲ್ ಇಳಿತ ಇದ್ದಾಗ ಗಾಳಿ ಒಳಗೆ ಹೋಗ್ತದೆ ಹಬ್ಬ ಬಂದಾಗ ಮುಳುಗ್ತದೆ ರೈಸ್ ಪೂರದಲ್ಲಿ ಈ ತರ ಬೇರು ಇರೋದು ಅಲ್ಲಿ ಊರುಗೋಲು ಬೇರು ಇಲ್ಲಿ ನೋಡಿ ಇದು ಇಲ್ಲಿಂದ ಹೀಗೆ ಬರ್ತದೆ”

ಮೊದಲು ಕಿವಿಗೆ ಕೆಲಸ ಕೊಡಿ

ಪಾಠ ನಡೆದ ದಿನವೇ ಟ್ರಾನ್ಸ್‌ಕ್ರಿಪ್ಟ್ ಎದುರಿಗಿಟ್ಟುಕೊಂಡು ರೆಕಾರ್ಡಿಂಗನ್ನು ಒಮ್ಮೆ ಕೇಳಿ. ಸ್ವಲ್ಪ ವೇಗವಾಗಿ ಓಡಿಸಿದರೂ ನಡೆದೀತು. ಎಲ್ಲ ತಪ್ಪು ತಿದ್ದಲು ಹೋಗಬೇಡಿ, ಮೂರೇ ಬಗೆ ಸಾಕು: ಹೆಸರು, ಅಂಕಿ, ಇಲ್ಲ ಅಲ್ಲಗಳು.

ಹೆಸರಿನ ತಪ್ಪು ಕಣ್ಣಿಗೆ ಹೊಡೆಯುತ್ತದೆ. ‘ಅವಿ ಸೇನೆಯ’ ಎಂದರೆ ಅವಿಸೆನಿಯಾ, ‘ರೈಸ್ ಪೂರ’ ಎಂದರೆ ರೈಜೋಫೋರಾ, ‘ನಿಮ್ಮ ಟೋ ಫೋರ್’ ಎಂದರೆ ನ್ಯೂಮ್ಯಾಟೋಫೋರ್. ‘ಹಬ್ಬ ಬಂದಾಗ ಮುಳುಗ್ತದೆ’ ಓದಿದರೆ ನಗು ಬರುತ್ತದೆ. ಅದು ಉಬ್ಬರ ಎಂದು ಕರಾವಳಿಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಅಂಕಿಯನ್ನು ಕಿವಿಯಿಂದ ಕೇಳಿ, ಪಠ್ಯಪುಸ್ತಕದಲ್ಲೂ ಒಮ್ಮೆ ನೋಡಿ.

ನಿಜವಾಗಿ ಮೋಸ ಮಾಡುವುದು ಮೂರನೆಯದು. ಕನ್ನಡದಲ್ಲಿ ‘ಇಲ್ಲ’ ಬರುವುದು ಮಾತಿನ ಕೊನೆಯಲ್ಲಿ. ಮಾತಿನ ಕೊನೆಗೆ ದನಿ ಇಳಿಯುತ್ತದೆ. ಅಷ್ಟರಲ್ಲಿ ಫ್ಯಾನ್ ಸದ್ದೋ ಹೊರಗಿನ ಮಳೆಯೋ ಸೇರಿದರೆ ಬಾಲ ಕತ್ತರಿಸಿಹೋಗುತ್ತದೆ. ಮೇಡಂ ಹೇಳಿದ್ದು ‘ಕೆಸರಲ್ಲಿ ಗಾಳಿ ಆಡೋದಿಲ್ಲ’, ‘ರೈಜೋಫೋರಾದಲ್ಲಿ ಈ ತರ ಬೇರು ಇರೋದಿಲ್ಲ’. ಬಂದದ್ದು ‘ಆಡೋದು’, ‘ಇರೋದು’. ಓದಲು ಎರಡೂ ಸರಿಯಾಗಿಯೇ ಕಾಣುತ್ತವೆ, ಅರ್ಥ ಮಾತ್ರ ತಲೆಕೆಳಗು. ಹಾಗಾಗಿ ‘ಆಡೋದು’, ‘ಇರೋದು’, ‘ಬೇಕು’ ಎಂಬಂತೆ ಮುಗಿಯುವ ಮಾತು ಮುಂದಿನ ಮಾತಿಗೆ ಹೊಂದದಿದ್ದರೆ ಅಲ್ಲಿ ರೆಕಾರ್ಡಿಂಗನ್ನು ಹಿಂದಕ್ಕೆ ಒಯ್ದು ಇನ್ನೊಮ್ಮೆ ಕೇಳಿ. ಕೆಸರಲ್ಲಿ ಗಾಳಿ ಆಡುವುದಾದರೆ ಬೇರು ಮೇಲೆ ಬರುವ ಅಗತ್ಯವೇ ಇರಲಿಲ್ಲ, ಅಲ್ವಾ?

‘ಇಲ್ಲಿ ನೋಡಿ, ಇಲ್ಲಿಂದ ಹೀಗೆ’ ಎಂಬಲ್ಲಿ ಬೋರ್ಡಿನ ಮೇಲೆ ಚಿತ್ರ ಬಂದಿದೆ ಎಂದರ್ಥ. ಟ್ರಾನ್ಸ್‌ಕ್ರಿಪ್ಟ್‌ಗೆ ಬೋರ್ಡ್ ಕಾಣುವುದಿಲ್ಲ. ಅಲ್ಲಿ ‘ಚಿತ್ರ’ ಎಂದು ಬರೆದು, ಬೋರ್ಡಿನ ಫೋಟೋ ತೆಗೆದ ಗೆಳೆಯರನ್ನು ಅವತ್ತೇ ಕೇಳಿ. ವಾರ ಕಳೆದರೆ ಆ ಫೋಟೋ ಸಿಗುವುದು ಕಷ್ಟ.

ಮೇಡಂ ಮಾತಿನಲ್ಲೇ ಪ್ರಶ್ನೆ ಇರುತ್ತದೆ

ತಿದ್ದಿದ ಪ್ರತಿಯನ್ನು ಒಂದು ಕಡೆ ಅಗಲ ಮಾರ್ಜಿನ್ ಬಿಟ್ಟು ಪ್ರಿಂಟ್ ತೆಗೆಸಿ. ಈಗ ವಿಷಯ ಬಿಟ್ಟು, ಹೇಳಿದ ರೀತಿಯನ್ನು ಮಾತ್ರ ಹುಡುಕಿ. ‘ಬರ್ಕೊಳ್ಳಿ’ ಎಂದು ನಿಧಾನ ಮಾಡಿದ ಜಾಗ, ತಾವೇ ‘ಯಾಕೆ’ ಎಂದು ಕೇಳಿ ತಾವೇ ಉತ್ತರ ಕೊಟ್ಟ ಜಾಗ, ಒಂದರ ಪಕ್ಕ ಇನ್ನೊಂದನ್ನು ಇಟ್ಟು ಹೋಲಿಸಿದ ಜಾಗ, ಚಿತ್ರ ಬಿಡಿಸಿದ ಜಾಗ, ಅದೇ ಮಾತನ್ನು ಪಾಠದ ಕೊನೆಗೆ ಮತ್ತೆ ಎತ್ತಿದ ಜಾಗ. ಇವಕ್ಕೆಲ್ಲ ಪೆನ್ಸಿಲಿನಲ್ಲಿ ಒಂದೊಂದು ಗೀಟು ಎಳೆಯಿರಿ.

ನಮ್ಮ ತುಣುಕಿನಲ್ಲಿ ಇಂಥ ನಾಲ್ಕು ಗೀಟು ಬೀಳುತ್ತವೆ. ‘ಯಾಕೆ ಮೇಲಕ್ಕೆ ಬರಬೇಕು’ ಎಂಬುದು ಕಾರಣ ಕೇಳುವ ಪ್ರಶ್ನೆ. ‘ಬರ್ಕೊಳ್ಳಿ’ ಬಂದಲ್ಲಿ ವ್ಯಾಖ್ಯೆ. ರೈಜೋಫೋರಾದ ಮಾತು ಬಂದಲ್ಲಿ ವ್ಯತ್ಯಾಸ. ‘ಇಲ್ಲಿ ನೋಡಿ’ ಎಂಬಲ್ಲಿ ಚಿತ್ರ. ಹೀಗೆ ಪ್ರಶ್ನೆ ಬದಲಾದ ಜಾಗದಲ್ಲಿ ಅಡ್ಡಗೆರೆ ಎಳೆದು ಟ್ರಾನ್ಸ್‌ಕ್ರಿಪ್ಟನ್ನು ತುಂಡು ಮಾಡಿ. ಐದು ನಿಮಿಷಕ್ಕೊಂದು ತುಂಡು ಎಂದು ಗಡಿಯಾರ ನೋಡಿ ಕತ್ತರಿಸಿದರೆ ಒಂದೇ ಉತ್ತರ ಎರಡು ಕಡೆ ಹಂಚಿಹೋಗುತ್ತದೆ.

ಇಷ್ಟಾದ ಮೇಲೆ ಹಳೆಯ ಪ್ರಶ್ನೆಪತ್ರಿಕೆ ತೆಗೆಯಿರಿ. ಲೈಬ್ರರಿಯಲ್ಲಿ ಸಿಗುತ್ತದೆ, ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲೂ ಸಿಗಬಹುದು. ಸಿಲೆಬಸ್ ಬದಲಾಗುವ ಮೊದಲಿನ ಪತ್ರಿಕೆ ಬೇಡ, ಅಂಕಗಳ ಹಂಚಿಕೆಯೇ ಬೇರೆ ಇರುತ್ತದೆ. ಮುಖ್ಯವಾಗಿ ನೋಡಬೇಕಾದ್ದು ಪ್ರಶ್ನೆಯ ಕೊನೆಯ ಶಬ್ದ. ‘ಎಂದರೇನು’, ‘ಕಾರಣ ಕೊಡಿ’, ‘ವ್ಯತ್ಯಾಸ ತಿಳಿಸಿ’, ‘ಚಿತ್ರಸಹಿತ ವಿವರಿಸಿ’. ನಿಮ್ಮ ಮಾರ್ಜಿನ್ ಪ್ರಶ್ನೆಯನ್ನೂ ಹಾಗೆಯೇ ಮುಗಿಸಿ. ‘ಉಸಿರಾಟದ ಬೇರು’ ಎಂದು ಸುಮ್ನೆ ತಲೆಬರಹ ಬರೆದರೆ ಅದು ಪ್ರಶ್ನೆಯಲ್ಲ. ಯಾವ ಆಕಾರದ ಉತ್ತರ ಬೇಕು ಎಂಬುದನ್ನು ಅದು ಹೇಳುವುದಿಲ್ಲ.

ಟ್ರಾನ್ಸ್‌ಕ್ರಿಪ್ಟ್ ಮುಚ್ಚಿ ಬರೆಯಿರಿ

ಹೊಸ ಹಾಳೆಯ ಎಡಗಡೆ ಸುಮಾರು 6 ಸೆಂಟಿಮೀಟರ್ ಮಡಚಿ ಗೆರೆ ಮಾಡಿಕೊಳ್ಳಿ. ಎಡಕ್ಕೆ ಒಂದು ಪ್ರಶ್ನೆ ಬರೆಯಿರಿ. ಆ ತುಂಡನ್ನು ಓದಿ, ಟ್ರಾನ್ಸ್‌ಕ್ರಿಪ್ಟನ್ನು ಮಗುಚಿ ಹಾಕಿ, ನೆನಪಿನಿಂದ ಬಲಗಡೆ ಉತ್ತರ ಬರೆಯಿರಿ. ಆಮೇಲೆ ತೆರೆದು ಬಿಟ್ಟುಹೋದದ್ದನ್ನು ಸೇರಿಸಿ. ನೋಡಿಕೊಂಡು ಬರೆದರೆ ಮೇಡಂ ಮಾತಿನ ಧಾಟಿಯೇ ಇಳಿದುಬರುತ್ತದೆ, ನೋಟ್ಸ್ ಉದ್ದವಾಗುತ್ತದೆ.

ನಮ್ಮ ತುಣುಕು, ಜೊತೆಗೆ ಅದೇ ಪಾಠದಲ್ಲಿ ಮುಂದೆ ಬಂದ ವಿಷಯವೂ ಸೇರಿ ಹೀಗಾಗುತ್ತದೆ:

*ಮಾರ್ಜಿನ್:* ಉಸಿರಾಟದ ಬೇರು ಎಂದರೇನು? (2 ಅಂಕ)
*ನೋಟ್ಸ್:* ಕೆಸರಿನಿಂದ ಮೇಲಕ್ಕೆ ಬೆಳೆಯುವ, ಲೆಂಟಿಸೆಲ್ ಎಂಬ ಸಣ್ಣ ರಂಧ್ರಗಳಿರುವ ಬೇರು. ಇದೇ ನ್ಯೂಮ್ಯಾಟೋಫೋರ್. ಉದಾ: ಅವಿಸೆನಿಯಾ.

*ಮಾರ್ಜಿನ್:* ★ ಬೇರು ಮೇಲಕ್ಕೆ ಬರುತ್ತದೆ, ಕಾರಣ ಕೊಡಿ. (5 ಅಂಕ, ಚಿತ್ರ)
*ನೋಟ್ಸ್:* ಕೆಸರಿನ ಸಂದುಗಳಲ್ಲಿ ನೀರೇ ತುಂಬಿರುವುದರಿಂದ ಗಾಳಿ ಆಡುವುದಿಲ್ಲ. ಇದ್ದ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಬಳಸಿಬಿಡುತ್ತವೆ. ಆದ್ದರಿಂದ ಕೆಳಗಿನ ಬೇರಿಗೆ ಆಮ್ಲಜನಕ ಸಾಲದು. ಇಳಿತದಲ್ಲಿ ಲೆಂಟಿಸೆಲ್ ಮೂಲಕ ಗಾಳಿ ಒಳಗೆ ಹೋಗಿ, ಬೇರಿನೊಳಗಿನ ಟೊಳ್ಳು ಜಾಗಗಳಿಂದ ಕೆಳಕ್ಕೆ ಸಾಗುತ್ತದೆ.

*ಮಾರ್ಜಿನ್:* ★ ಅವಿಸೆನಿಯಾ, ರೈಜೋಫೋರಾ ವ್ಯತ್ಯಾಸ ತಿಳಿಸಿ. (5 ಅಂಕ)
*ನೋಟ್ಸ್:* ಬೇರು: ಅ. ಪೆನ್ಸಿಲಿನಂತೆ ಮೇಲಕ್ಕೆ, ರೈ. ಕಾಂಡದಿಂದ ಇಳಿದ ಊರುಗೋಲು ಬೇರು. ಉಪ್ಪು: ಅ. ಒಳಬಂದದ್ದನ್ನು ಎಲೆಯ ಗ್ರಂಥಿಯಿಂದ ಹೊರಹಾಕುತ್ತದೆ, ರೈ. ಹೆಚ್ಚಿನದನ್ನು ಬೇರಿನಲ್ಲೇ ತಡೆಯುತ್ತದೆ. ಮೊಳಕೆ: ಅ. ಕಾಯಿಯ ಒಳಗೇ ಉಳಿಯುತ್ತದೆ, ರೈ. ಮರದಲ್ಲಿದ್ದಾಗಲೇ ಕಾಯಿ ಸೀಳಿ ಉದ್ದಕ್ಕೆ ಜೋತುಬೀಳುತ್ತದೆ.

ಪ್ರಶ್ನೆಯ ಕೊನೆಯ ಶಬ್ದವೇ ನೋಟ್ಸಿನ ಆಕಾರ ತೀರ್ಮಾನಿಸಿದ್ದು ಗಮನಿಸಿ. ಕಾರಣಕ್ಕೆ ಒಂದರ ಹಿಂದೊಂದು ಸಾಲು, ವ್ಯತ್ಯಾಸಕ್ಕೆ ಜೋಡಿ ಜೋಡಿ. ವ್ಯತ್ಯಾಸದ ಉತ್ತರದಲ್ಲಿ ಒಂದು ಗಿಡದ ಬಗ್ಗೆ ಎಲ್ಲ ಬರೆದು ಆಮೇಲೆ ಇನ್ನೊಂದಕ್ಕೆ ಹೋದರೆ ಹೋಲಿಕೆ ಕಾಣುವುದೇ ಇಲ್ಲ.

ಕಾರಣದ ಉತ್ತರದಲ್ಲಿ ‘ಆದ್ದರಿಂದ’, ‘ಇರುವುದರಿಂದ’ ಎಂಬ ಮಾತು ಉಳಿಸಿಕೊಂಡಿದ್ದೇನೆ. ಚಿಕ್ಕದು ಮಾಡುವ ಭರದಲ್ಲಿ ಮೊದಲು ಹಾರಿಹೋಗುವುದು ಇವೇ. ‘ಕೆಸರು, ಆಮ್ಲಜನಕ, ಲೆಂಟಿಸೆಲ್, ಇಳಿತ’ ಎಂದು ನಾಲ್ಕು ಶಬ್ದ ಬರೆದಿಟ್ಟರೆ ಇವತ್ತು ಅರ್ಥವಾಗುತ್ತದೆ. ಎರಡು ತಿಂಗಳ ಮೇಲೆ ಯಾವುದರಿಂದ ಯಾವುದು ಎಂಬುದು ಮರೆತಿರುತ್ತದೆ. ಉದಾಹರಣೆ, ಜೋಕು, ಹಿಂದಿನ ಪಾಠದ ಪುನರಾವರ್ತನೆ ಧಾರಾಳವಾಗಿ ಹೋಗಲಿ. ಕಾಳಿ ನದಿಯ ಮಾತು ನೆನಪಿಗೆ ಒಳ್ಳೆಯದು ಅನಿಸಿದರೆ ಮೂಲೆಯಲ್ಲಿ ಎರಡು ಶಬ್ದ ಇರಲಿ.

ನಕ್ಷತ್ರ ಹಾಕುವಾಗ ಜಿಪುಣರಾಗಿ

ನಕ್ಷತ್ರ ಎಂದರೆ ಪರೀಕ್ಷೆಗೆ ಬರುವ ಸಾಧ್ಯತೆ ಹೆಚ್ಚು ಎಂಬ ಗುರುತು. ಅದಕ್ಕೆ ಎರಡು ಸಾಕ್ಷಿ ಬೇಕು: ಪಾಠದಲ್ಲಿ ಒತ್ತು ಸಿಕ್ಕಿರಬೇಕು, ಹಳೆಯ ಪತ್ರಿಕೆಯಲ್ಲೋ ಸಿಲೆಬಸ್ಸಿನಲ್ಲೋ ಆ ವಿಷಯ ಇರಬೇಕು. ಮೇಡಂ ಉತ್ಸಾಹದಿಂದ ಕಾಲು ಗಂಟೆ ಹೇಳಿದ್ದೆಲ್ಲ ಪರೀಕ್ಷೆಗೆ ಬರುವುದಿಲ್ಲ. ಅವರಿಗೆ ಇಷ್ಟದ ವಿಷಯವೂ ಇರುತ್ತದೆ, ಪಾಪ. ಇನ್ನೊಂದು ಮಾತು: ವಾರ್ಷಿಕ ಅಥವಾ ಸೆಮಿಸ್ಟರ್ ಪತ್ರಿಕೆ ತಯಾರಿಸುವವರು ಬೇರೆ ಕಾಲೇಜಿನವರೂ ಆಗಿರಬಹುದು. ಕ್ಲಾಸಿನ ಒತ್ತು ಇಂಟರ್ನಲ್ ಟೆಸ್ಟಿಗೆ ಹೆಚ್ಚು ನಂಬಿಕಸ್ತ ಸುಳಿವು, ಸೆಮಿಸ್ಟರ್ ಪರೀಕ್ಷೆಗೆ ಸಿಲೆಬಸ್ ಮತ್ತು ಹಳೆಯ ಪತ್ರಿಕೆ. ಎರಡು ಪುಟದಲ್ಲಿ ನಾಲ್ಕೈದಕ್ಕಿಂತ ಹೆಚ್ಚು ನಕ್ಷತ್ರ ಬಿದ್ದರೆ ಆಯ್ಕೆ ನಡೆದಿಲ್ಲ ಎಂದೇ ಲೆಕ್ಕ. ನಕ್ಷತ್ರ ಇಲ್ಲದ ಪ್ರಶ್ನೆಯನ್ನು ಅಳಿಸಬೇಡಿ.

ನೋಟ್ಸ್ ಸರಿಯಾಗಿದೆಯೇ ಎಂದು ನೋಡಲು ಎರಡು ದಿನ ಬಿಟ್ಟು ಬಲಗಡೆಯನ್ನು ಮುಚ್ಚಿ, ಮಾರ್ಜಿನ್ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ. ಉತ್ತರ ಬರಲಿಲ್ಲ, ಆದರೆ ಮುಚ್ಚಿದ್ದು ತೆಗೆದ ಕೂಡಲೇ ಹೊಳೆಯಿತು ಎಂದರೆ ನೋಟ್ಸ್ ಸರಿ ಇದೆ, ಓದು ಸಾಲದು. ತೆಗೆದ ಮೇಲೂ ಅರ್ಥವಾಗದೆ ಟ್ರಾನ್ಸ್‌ಕ್ರಿಪ್ಟ್ ಹುಡುಕಬೇಕಾಯಿತು ಎಂದರೆ ನೋಟ್ಸೇ ಅತಿ ಚಿಕ್ಕದಾಗಿದೆ, ಅಲ್ಲಿ ಒಂದು ಸಾಲು ಸೇರಿಸಿ. ಮುಂದಿನ ಪಾಠದಲ್ಲಿ ಅದೇ ಪ್ರಶ್ನೆ ಮತ್ತೆ ಬಂದರೆ ಹೊಸ ಹಾಳೆ ಬೇಡ. ಹಳೆಯ ಉತ್ತರದ ಕೆಳಗೆ ತಾರೀಕು ಹಾಕಿ ಸೇರಿಸಿಕೊಳ್ಳಿ. ಅದಕ್ಕಾಗಿ ಪ್ರತಿ ಪ್ರಶ್ನೆಯ ಕೆಳಗೆ ಮೊದಲೇ ಎರಡು ಬೆರಳು ಜಾಗ ಬಿಟ್ಟಿರಿ.